ಸಂತರ್ಪಣೆ ನೂಕುನುಗ್ಗಲು: ಸಮಿತಿಯ ಪ್ರಕಟಣೆಯಲ್ಲಿ ಏನಿರಬೇಕು

“ಇದು ನಮ್ಮ ಅಡಿಕೆ ಗುಂಪಿಗೆ ಸೇರಿದ ವಿಷಯ ಅಲ್ಲ, ಕ್ಷಮಿಸಿ. ಇವತ್ತು ಸಂಜೆ ನಮ್ಮೂರ ತೇರಿನ ಸಂತರ್ಪಣೆ ಹೊತ್ತಿಗೆ ಮಳೆ ಬಂದು ಜನ ಓಡಿದರು. ಮೆಟ್ಟಿಲ ಹತ್ತಿರ ಬಿದಿರಿನ ಬೇಲಿ ಮುರಿದು 9 ಜನಕ್ಕೆ ಪೆಟ್ಟಾಗಿದೆ, ಇಬ್ಬರು ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಕರೆಂಟ್ ಹೊಡೀತು, ಒಬ್ಬರು ತೀರಿಕೊಂಡರು ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಸಮಿತಿ ಪರವಾಗಿ ಪ್ರಕಟಣೆ ಬರೆಯಲು ನನಗೆ ಹೇಳಿದ್ದಾರೆ. ನಾಳೆಯೂ ಸಂತರ್ಪಣೆ ಇದೆ. ಏನು ಬರೆಯಲಿ?”

ಮಂಜು, ಬರೆಯೋಕೆ ಕೂರುವ ಮುಂಚೆ ಸಮಿತಿಯಿಂದ ಇಬ್ಬರನ್ನು ಆಸ್ಪತ್ರೆಗೆ ಕಳಿಸಿ. ಒಬ್ಬರು ಗಾಯಗೊಂಡವರ ಮನೆಯವರ ಜೊತೆ ಇರಲಿ. ಇನ್ನೊಬ್ಬರು ಡ್ಯೂಟಿ ಡಾಕ್ಟರ್ ಹತ್ತಿರ ಕೇಳಿ ನಿಮಗೆ ಫೋನ್ ಮಾಡಲಿ. ಪ್ರಕಟಣೆಯಲ್ಲಿ ಬರುವ ಲೆಕ್ಕ ಆಸ್ಪತ್ರೆಯದ್ದೇ ಆಗಿರಬೇಕು. 9 ಜನ ಅಂದಿದ್ದೀರಿ. ಅದು ಆಸ್ಪತ್ರೆಗೆ ಹೋದವರ ಲೆಕ್ಕವಾ, ದೇವಸ್ಥಾನದಲ್ಲೇ ಬ್ಯಾಂಡೇಜ್ ಹಾಕಿಸಿಕೊಂಡು ಹೋದವರೂ ಸೇರಿದ್ದಾರಾ? ಇದನ್ನು ಬಿಡಿಸಿ ಬರೆಯದಿದ್ದರೆ ನಾಳೆ ಪೇಪರಿನಲ್ಲಿ ಒಂದು ಸಂಖ್ಯೆ, ಠಾಣೆಯಲ್ಲಿ ಇನ್ನೊಂದು ಸಂಖ್ಯೆ ಬರುತ್ತದೆ. ಆಮೇಲೆ ನೀವು ಏನನ್ನೋ ಮುಚ್ಚಿಟ್ಟಿರಿ ಅಂತಲೇ ಜನ ತಿಳಿಯುತ್ತಾರೆ.

ಪೊಲೀಸರು ಹೇಳುವವರೆಗೂ ಬಾಯಿ ಬಿಡಬೇಡಿ ಅಂತ ಗುಂಪಿನ ರಮೇಶಣ್ಣ ನಿಮ್ಮ ಪ್ರಶ್ನೆಗೆ ಉತ್ತರವಾಗಿ ಬರೆದಿದ್ದಾರೆ. ಅರ್ಧ ಸರಿ. ಯಾರ ತಪ್ಪು, ಬೇಲಿ ಯಾಕೆ ಮುರಿಯಿತು ಅನ್ನೋದನ್ನು ಈಗ ನೀವು ತೀರ್ಮಾನ ಮಾಡಬಾರದು. ಆದರೆ ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜನಕ್ಕೆ ಅಂತ ಹೇಳಲು ತಡ ಮಾಡಬಾರದು. ಪ್ರಯಾಗರಾಜದ ಕುಂಭಮೇಳ ನೆನಪಿದೆ ಅಲ್ವಾ? 2025ರ ಜನವರಿ 29ರಂದು ಬೆಳಗಾಗುವ ಮುಂಚೆಯೇ ದುರಂತ ನಡೆಯಿತು. 30 ಜನ ಸತ್ತರು ಅಂತ ಅಧಿಕೃತವಾಗಿ ಹೇಳಿದ್ದು ಸಂಜೆ. ಅಷ್ಟು ಹೊತ್ತು ಮನೆಯವರು ತಮ್ಮವರನ್ನು ಹುಡುಕಿಕೊಂಡು ಅಲೆದರು. ನಿಮ್ಮದು ಆ ಮಟ್ಟದ್ದಲ್ಲ, ನಿಜ. ಆದರೆ ತೇರಿಗೆ ಬಂದು ಇನ್ನೂ ಮನೆ ಮುಟ್ಟದವರ ತಾಯಿಗೆ ಇವತ್ತಿನ ರಾತ್ರಿ ಅಷ್ಟೇ ಉದ್ದ.

ಕರೆಂಟಿನ ಸುದ್ದಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2025ರ ಜುಲೈನಲ್ಲಿ ಹರಿದ್ವಾರದ ಮನಸಾ ದೇವಿ ದಾರಿಯ ಮೆಟ್ಟಿಲಿನಲ್ಲಿ ತಂತಿ ಬಿದ್ದಿದೆ ಅನ್ನೋ ಸುದ್ದಿಗೇ ಜನ ಹೆದರಿ ಓಡಿದರು ಅಂತ ಅಧಿಕಾರಿಗಳು ಹೇಳಿದ್ದರು. ನಾಳೆ ನಿಮ್ಮ ಸಾಲಿನಲ್ಲಿ ಒಬ್ಬರು “ಕರೆಂಟ್” ಅಂತ ಕೂಗಿದರೆ ಸಾಕು. ಹಾಗಂತ “ಕರೆಂಟ್ ಹೊಡೆದಿಲ್ಲ” ಅಂತ ಸುಮ್ನೆ ಬರೆಯಬೇಡಿ. ಇವತ್ತೇ ಲೈನ್‌ಮನ್ ಕರೆಸಿ ಚಪ್ಪರದ ವೈರಿಂಗ್, ಜನರೇಟರ್, ಸೀರಿಯಲ್ ಸೆಟ್ ಎಲ್ಲ ನೋಡಿಸಿ. ಡಾಕ್ಟರ್ ಹತ್ತಿರವೂ ಶಾಕಿನ ಗಾಯ ಯಾರಿಗಾದರೂ ಇದೆಯಾ ಅಂತ ಕೇಳಿ. ಎರಡೂ ಕಡೆ ಇಲ್ಲ ಅಂದ ಮೇಲೆ ಆ ಸಾಲು ಬರೆಯಿರಿ. ಇಲ್ಲದಿದ್ದರೆ “ಪರಿಶೀಲನೆ ನಡೆಯುತ್ತಿದೆ” ಅಂತ ಮಾತ್ರ ಇರಲಿ.

ಗುಂಪಿನ ಶೋಭಕ್ಕ ನರ್ಸ್ ಆಗಿದ್ದವರು, ಅವರು ಇಲ್ಲಿ ಬರೆದ ಈ ಮಾತನ್ನು ಪ್ರಕಟಣೆಗೇ ಸೇರಿಸಿ ಅಂತ ನನ್ನ ಸಲಹೆ. ತಲೆಗೆ ಪೆಟ್ಟಾದವರಿಗೆ ಆ ಹೊತ್ತಿಗೆ ಏನೂ ಅನಿಸದೆ ಮನೆಗೆ ಹೋದ ಮೇಲೆ ವಾಂತಿ, ಮಂಪರು ಶುರುವಾಗಬಹುದು. ಎದೆ ಅಮುಕಿದವರಿಗೆ ಉಸಿರಾಟದ ತೊಂದರೆ ನಿಧಾನವಾಗಿ ಕಾಣಿಸಬಹುದು. ಅದಕ್ಕೇ “ಎಲ್ಲರಿಗೂ ಸಣ್ಣಪುಟ್ಟ ಗಾಯ” ಅಂತ ಸಮಿತಿ ಹೇಳಬಾರದು. ಡಾಕ್ಟರ್ ಹೇಳಿದರೆ ಅವರು ಹೇಳಿದರು ಅಂತಲೇ ಬರೆಯಿರಿ.

ಕರಡು ಹೀಗಿರಲಿ. ಸಮಯ, ಜಾಗ, ಲೆಕ್ಕ ಅಂದಾಜಿಗೆ ಹಾಕಿದ್ದೇನೆ, ನೀವು ಸರಿ ಮಾಡಿಕೊಳ್ಳಿ. ಆಸ್ಪತ್ರೆ, ಪೊಲೀಸರು, ಮೆಟ್ಟಿಲು ಮುಚ್ಚಿದ್ದರ ಸಾಲುಗಳನ್ನು ಅವು ನಿಜ ಅಂತ ಖಚಿತವಾದ ಮೇಲೆ ಮಾತ್ರ ಇಟ್ಟುಕೊಳ್ಳಿ.

“ರಾತ್ರಿ 9.30ರವರೆಗೆ ತಿಳಿದಿರುವ ವಿಷಯ. ಇಂದು ಸಂಜೆ ಸುಮಾರು 7.15ಕ್ಕೆ ಅನ್ನಸಂತರ್ಪಣೆ ನಡೆಯುತ್ತಿದ್ದಾಗ ಜೋರು ಮಳೆ ಬಂತು. ಸಾಲಿನಲ್ಲಿದ್ದವರು ಚಪ್ಪರದ ಕಡೆ ಓಡಿದಾಗ ದಕ್ಷಿಣದ ಮೆಟ್ಟಿಲ ಬಳಿ ನೂಕುನುಗ್ಗಲಾಯಿತು. ಅಲ್ಲಿ ಕಟ್ಟಿದ್ದ ಬಿದಿರಿನ ಬೇಲಿ ಮುರಿದು ಕೆಲವರು ಬಿದ್ದರು. 9 ಜನರಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡಲಾಗಿದೆ. 7 ಜನ ಮನೆಗೆ ಮರಳಿದ್ದಾರೆ, ಇಬ್ಬರು ವೈದ್ಯರ ನಿಗಾದಲ್ಲಿದ್ದಾರೆ. ಯಾರೂ ಪ್ರಾಣ ಕಳೆದುಕೊಂಡಿಲ್ಲ ಎಂದು ಆಸ್ಪತ್ರೆಯವರು ತಿಳಿಸಿದ್ದಾರೆ.

ದೇವರ ಸನ್ನಿಧಿಗೆ ಬಂದವರು ನೋವು ಪಟ್ಟಿದ್ದಕ್ಕೆ ಸಮಿತಿಗೆ ತುಂಬಾ ದುಃಖವಾಗಿದೆ. ಸಮಿತಿಯ ಸದಸ್ಯರು ಆಸ್ಪತ್ರೆಯಲ್ಲಿದ್ದಾರೆ. ಬಿದ್ದವರಲ್ಲಿ ಯಾರಿಗಾದರೂ ಮತ್ತೆ ಮತ್ತೆ ವಾಂತಿ, ಮಂಪರು, ಜಾಸ್ತಿಯಾಗುವ ತಲೆನೋವು, ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಅಥವಾ 108ಕ್ಕೆ ಕರೆ ಮಾಡಿ.

ಕಾರಣವನ್ನು ಪೊಲೀಸರು ವಿಚಾರಿಸುತ್ತಿದ್ದಾರೆ. ಸಮಿತಿ ಸಹಕರಿಸುತ್ತದೆ. ದಕ್ಷಿಣದ ಮೆಟ್ಟಿಲನ್ನು ಮುಚ್ಚಲಾಗಿದೆ. ನಾಳೆಯ ಕಾರ್ಯಕ್ರಮದ ಬಗ್ಗೆ ಮತ್ತು ಗಾಯಗೊಂಡವರ ಬಗ್ಗೆ ಬೆಳಿಗ್ಗೆ 8ಕ್ಕೆ ಮತ್ತೆ ತಿಳಿಸುತ್ತೇವೆ.”

ಕೆಳಗೆ ಅಧ್ಯಕ್ಷರ ಸಹಿ, ಫೋನ್ ಎತ್ತುವ ಒಬ್ಬರ ನಂಬರ್. ಗಾಯಗೊಂಡವರ ಹೆಸರು, ಫೋಟೋ ಬೇಡ. “ಭಕ್ತರು ಶಿಸ್ತು ಪಾಲಿಸದ ಕಾರಣ” ಅಂತ ಸೇರಿಸಿ ಅಂತ ಸಮಿತಿಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಸೇರಿಸಲು ಬಿಡಬೇಡಿ. ಮಳೆಗೆ ಜನ ಓಡುವುದು ಸಹಜ. ಓಡಿದರೂ ಬೀಳದ ಹಾಗೆ ಜಾಗ ಇರಬೇಕಾಗಿತ್ತು. “ದೇವರ ದಯೆಯಿಂದ ದೊಡ್ಡ ಅನಾಹುತ ತಪ್ಪಿತು” ಅನ್ನೋದೂ ಬೇಡ. ನಾವೆಲ್ಲ ಹಾಗೇ ನಂಬುವವರು, ಆದರೆ ಕೈ ಮುರಿದುಕೊಂಡು ಮಲಗಿದವರಿಗೆ ಅದು ಬೇರೆ ಥರ ಕೇಳಿಸುತ್ತದೆ.

  

ಆಸ್ಪತ್ರೆ ಖರ್ಚನ್ನು ಸಮಿತಿ ಕೊಡುತ್ತದೆ ಅಂತ ಇದರಲ್ಲೇ ಹೇಳಬೇಕಾ? ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ರಮೇಶಣ್ಣನ ವಾದ. ಹೇಳದಿದ್ದರೆ ಕೂಲಿ ಮಾಡುವವರು ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಮನೆಗೆ ಹೋಗುತ್ತಾರೆ ಅಂತ ಶೋಭಕ್ಕ. ನನ್ನ ಮನಸ್ಸು ಶೋಭಕ್ಕನ ಕಡೆ. ಆದರೆ ಹಣ ಸಮಿತಿಯದ್ದು, ಇವತ್ತೇ ಸಭೆ ಸೇರಿಸಿ ಠರಾವು ಬರೆದುಕೊಳ್ಳಿ. ಠರಾವು ಇಲ್ಲದೆ ಪ್ರಕಟಣೆಯಲ್ಲಿ ಹಣದ ಮಾತು ಬರಬಾರದು. ಮುಜರಾಯಿ ದೇವಸ್ಥಾನವಾದರೆ ಪ್ರಕಟಣೆ ಹೊರಗೆ ಹೋಗುವ ಮುಂಚೆ ತಹಶೀಲ್ದಾರರಿಗೂ ತಿಳಿಸಿ.

ನಾಳೆಯ ಸಂತರ್ಪಣೆ ನಿಲ್ಲಿಸಬೇಕಾ ಅನ್ನೋದು ಜಾಗ ನೋಡದೆ ನಾನು ಹೇಳಲಾರೆ. ನಡೆಸುವುದಾದರೆ ಸಾಲು ಮೆಟ್ಟಿಲ ಮೇಲೆ ಬರಲೇಬಾರದು, ಸಮತಟ್ಟು ಜಾಗದಲ್ಲಿ ನಿಲ್ಲಲಿ. ಸಾಲಿನ ಮೇಲೂ ಚಪ್ಪರ ಹಾಕಿಸಿ, ಆಗ ಮಳೆ ಬಂದರೂ ಓಡಬೇಕಾಗಿಲ್ಲ. ಉಂಡವರು ಬೇರೆ ದಾರಿಯಿಂದ ಹೊರಗೆ ಹೋಗಲಿ. ಒಂದು ಪಂಕ್ತಿ ಎದ್ದು ಖಾಲಿಯಾದ ಮೇಲೆ ಇನ್ನೊಂದು ಪಂಕ್ತಿ ಬಿಡಿ. ಇಷ್ಟೂ ಬೆಳಿಗ್ಗೆ 8ರೊಳಗೆ ಆಗುತ್ತದೆ ಅನ್ನೋದಾದರೆ ಮಾತ್ರ ಎರಡನೇ ಪ್ರಕಟಣೆಯಲ್ಲಿ ಬರೆಯಿರಿ. ಆಗದಿದ್ದರೆ ನಿಲ್ಲಿಸಿ. ಮುರಿದ ಬಿದಿರನ್ನು ಯಾರೂ ಎತ್ತಿ ಎಸೆಯದಿರಲಿ, ಸಿಸಿಟಿವಿ ಅಳಿಸದಿರಲಿ. ಪೊಲೀಸರು ಕೇಳುತ್ತಾರೆ.

ಗುಂಪುಗಳಿಗೆ ಕಳಿಸುವ ಮುಂಚೆ ಆಸ್ಪತ್ರೆಯಲ್ಲಿರುವ ಆ ಇಬ್ಬರ ಮನೆಯವರಿಗೆ ಕರಡನ್ನು ಓದಿ ಹೇಳಿ. ತಮ್ಮವರ ಸುದ್ದಿಯನ್ನು ಅವರು ವಾಟ್ಸಾಪ್‌ನಲ್ಲಿ ನೋಡಿ ತಿಳಿಯುವಂತಾಗಬಾರದು.