ತಲೆನೋವಿದ್ದಾಗ ಬಿಪಿ 160

"ಅವ್ವನಿಗೆ ತಲೆನೋವು ಬಂದಾಗಲೆಲ್ಲ ಬಿಪಿ 160/100 ತೋರಿಸುತ್ತದೆ. ಬಿಪಿಯಿಂದಲೇ ತಲೆನೋವು ಅಲ್ವಾ? ಎಷ್ಟಾದರೆ ಆಸ್ಪತ್ರೆಗೆ ಓಡಬೇಕು?"

ಹೆಚ್ಚಿನ ಸಲ ಇದು ಉಲ್ಟಾ ಇರುತ್ತದೆ. ತಲೆ ನೋಯುತ್ತಿದೆ ಅಂತಲೇ ಬಿಪಿ ಏರಿರುತ್ತದೆ. ನೋವು, ಗಾಬರಿ, ನಿದ್ದೆಗೇಡು ಎಲ್ಲವೂ ಬಿಪಿ ಏರಿಸುತ್ತವೆ. ನಾವು ಮಷಿನ್ ಹೊರಗೆ ತೆಗೆಯುವುದೂ ತಲೆ ನೋಯುವಾಗ ಮಾತ್ರ, ಹಾಗಾಗಿ ಎರಡಕ್ಕೂ ಗಂಟು ಹಾಕಿಬಿಡುತ್ತೇವೆ. ನೋವಿಲ್ಲದ ದಿನ ನೋಡಿದ್ದೀರಾ? 160/100 ಇರುವ ಎಷ್ಟೋ ಜನರಿಗೆ ಏನೂ ಗೊತ್ತೇ ಆಗುವುದಿಲ್ಲ.

ನಾನು ಹಾವೇರಿ ಕಡೆ ನರ್ಸ್. ಒಮ್ಮೆ ಏಕಾದಶಿ ದಿನ ಬ್ಯಾಡಗಿ ಕಡೆಯ ಒಬ್ಬ ಅಕ್ಕ ಬಸ್ ಇಳಿದು ನೇರ ಬಂದರು. "ಬಿಪಿ ತಲಿಗೇರೇತ್ರಿ ಸಿಸ್ಟರ್, ತಲಿ ಸಿಡಿಯಾಕತ್ತೇತಿ." ನೋಡಿದರೆ 178/104. ಮೊದಲು ಬಾತ್‌ರೂಮಿಗೆ ಹೋಗಿ ಬರಲು ಹೇಳಿದೆ. ಬೆನ್ನು ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೆ ಊರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಐದು ನಿಮಿಷ ಮಾತಾಡದೆ ಕೂರಿಸಿದೆ. ಆಮೇಲೆ 158/94. ಡಾಕ್ಟರ್ ನೋಡಿ ಪ್ಯಾರಾಸಿಟಮಾಲ್ ಕೊಟ್ಟರು, ಚಹಾ ಕುಡಿದರು, ಒಂದು ತಾಸಿಗೆ ನೋವು ಹೋಯಿತು, ಬಿಪಿ 146/90. ಅವರಿಗೆ ಬಿಪಿ ಇರುವುದು ನಿಜ, ಚಿಕಿತ್ಸೆಯೂ ಬೇಕು. ಆದರೆ ಅವತ್ತಿನ ನೋವು ಉಪವಾಸದ್ದು, ಚಹಾ ತಪ್ಪಿದ್ದರದ್ದು.

ಅದೇ ವಾರ ಒಬ್ಬ ಅಜ್ಜ ಬಂದರು, 186/112. ತಲೆನೋವು ಒಂಚೂರೂ ಇಲ್ಲ. ಬೆಳಿಗ್ಗೆ ಬಲಗೈಯಿಂದ ಚಹಾದ ಕಪ್ಪು ಜಾರಿ ಬಿದ್ದಿತ್ತು, ಮಾತು ತೊದಲುತ್ತಿತ್ತು. ಮನೆಯವರು ನಿಂಬೆ ಶರಬತ್ತು ಕುಡಿಸಿ ಎರಡು ತಾಸು ಕಾದಿದ್ದರು. ಅದು ಪಾರ್ಶ್ವವಾಯು. ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಅದಕ್ಕೆ ಇನ್ನೂ ಮೊದಲೇ ಸಿಟಿ ಸ್ಕ್ಯಾನ್ ಇರುವ ಕಡೆ ಮುಟ್ಟಬೇಕು, ಇಲ್ಲಿಂದ ಹುಬ್ಬಳ್ಳಿಗೆ ಹೋಗುವುದರಲ್ಲೇ ಎಷ್ಟೋ ಹೊತ್ತು ಮುಗಿಯುತ್ತದೆ.

ಹಾಗಾಗಿ ಅಂಕಿಯೊಂದನ್ನೇ ನೋಡಬೇಡಿ. ಮೇಲಿನದು 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರುಗಟ್ಟುವುದು, ಕಣ್ಣು ಮಂಜಾಗುವುದು, ಮಾತು ತಪ್ಪುವುದು, ಒಂದು ಕಡೆ ಶಕ್ತಿ ಹೋಗುವುದು, ಗೊಂದಲ ಅಥವಾ ಫಿಟ್ಸ್ ಇದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಈ ಲಕ್ಷಣಗಳಿದ್ದರೆ ಬಿಪಿ ಅಷ್ಟಿಲ್ಲದಿದ್ದರೂ ಓಡಿ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವಿಗೂ ಅಷ್ಟೇ. ಬಸುರಿ ಹೆಂಗಸರ ಲೆಕ್ಕ ಬೇರೆ: ತಲೆನೋವಿನ ಜೊತೆ 140/90 ಬಂದರೂ ಅವತ್ತೇ ತೋರಿಸಬೇಕು, 160/110 ಆದರೆ ತಡ ಮಾಡಲೇಬಾರದು.

ಬರೀ ಅಂಕಿ ಜಾಸ್ತಿ, ಬೇರೇನೂ ಇಲ್ಲ ಅಂದರೆ ಕೂತು ಮತ್ತೆ ನೋಡಿ. ಆಗಲೂ 180/120 ದಾಟಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನೀವಾಗಿ ಎರಡು ಮಾತ್ರೆ ನುಂಗಿಸಬೇಡಿ, ಯಾರದೋ ಮಾತು ಕೇಳಿ ನಾಲಿಗೆ ಕೆಳಗೆ ಗುಳಿಗೆ ಇಡಬೇಡಿ. ಹೆಚ್ಚಿನ ಬಿಪಿಗೆ ಒಗ್ಗಿದ ಮಿದುಳಿಗೆ ಒತ್ತಡ ದಿಢೀರ್ ಇಳಿದರೆ ರಕ್ತ ಸಾಲದೆ ಪಾರ್ಶ್ವವಾಯು ಆಗಬಹುದು.

ಒಂದು ವಾರ ಬೆಳಿಗ್ಗೆ ಸಂಜೆ, ನೋವಿರಲಿ ಬಿಡಲಿ, ಒಂದು ನಿಮಿಷ ಬಿಟ್ಟು ಎರಡೆರಡು ಸಲ ನೋಡಿ ಬರೆದಿಡಿ, ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ. ಅವ್ವ ತಲೆ ನೋಯುವ ದಿನ ಮಾತ್ರ ಬಿಪಿ ಮಾತ್ರೆ ತಗೋತಾರಾ ಅಂತಲೂ ಸುಮ್ನೆ ಕೇಳಿ ನೋಡಿ, ನಮ್ಮಲ್ಲಿ ಬರುವವರಲ್ಲಿ ಹಾಗೆ ಮಾಡುವವರು ಬಹಳ.