ಸಿರಿಧಾನ್ಯ ಘಟಕ: ಯಂತ್ರ ಆಮೇಲೆ, ಮೊದಲು ಎಕರೆ ಎಣಿಸಿ

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಸಿರಿಧಾನ್ಯದ ಅಕ್ಕಿ ಮಾಡುವ ಘಟಕ ಹಾಕಬೇಕು ಅಂತಿದ್ದೇನೆ. ಗಂಟೆಗೆ 200 ಕೆಜಿಯ ಡಿಹಲ್ಲರ್ ನೋಡಿಟ್ಟಿದ್ದೇನೆ. ಸಾಮೆ, ನವಣೆ ಸುತ್ತಲಿನ ರೈತರಿಂದಲೇ ಕೊಳ್ಳುತ್ತೇನೆ. ಬಿಸಿನೆಸ್ ಪ್ಲಾನ್ ಹೇಗೆ ಬರೆಯಲಿ?

ಯಂತ್ರ ಆರಿಸಿಟ್ಟುಕೊಂಡು ಆಮೇಲೆ ಪ್ಲಾನ್ ಬರೆಯಲು ಕೂರುವುದು ನನಗೂ ಹೊಸದಲ್ಲ. ಆದರೆ ಆ ಕ್ರಮವೇ ತಲೆಕೆಳಗು. ಮುಂಗಡ ಕೊಟ್ಟಿಲ್ಲವಾದರೆ ಆ ಕೊಟೇಶನ್ ಸದ್ಯಕ್ಕೆ ಬದಿಗಿಡಿ. ‘ಸುತ್ತಲಿನ ರೈತರಿಂದಲೇ ಕೊಳ್ಳುತ್ತೇನೆ’ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀರಲ್ಲ, ಪ್ಲಾನಿನ ಮುಕ್ಕಾಲು ಪಾಲು ಇರಬೇಕಾದ್ದು ಅದೇ.

ಗಂಟೆಗೆ 200 ಕೆಜಿ ಅಂದರೆ ಯಂತ್ರದ ಬಾಯಿಗೆ ಬೀಳುವ ಕಾಳಿನ ತೂಕ, ಹೊರಗೆ ಬರುವ ಅಕ್ಕಿಯದಲ್ಲ. ಒಂದೇ ಸಲಕ್ಕೆ ಎಲ್ಲ ಕಾಳೂ ಸುಲಿಯುವುದಿಲ್ಲ. ಐದರಲ್ಲೊಂದು ಪಾಲು ಸುಲಿಯದೆ ಉಳಿದು ಮತ್ತೆ ಒಳಗೆ ಹೋಗಬೇಕು ಅಂತಿಟ್ಟುಕೊಂಡರೆ, ಗಂಟೆಗೆ ಹಿಡಿಸುವ ಹೊಸ ಕಾಳು 160 ಕೆಜಿ. ಎಂಟು ಗಂಟೆಯ ದಿನದಲ್ಲಿ ಜರಡಿ ಬದಲಿಸುವುದು, ಗಾಳಿ ಹೊಂದಿಸುವುದು, ಒಂದು ರಾಶಿ ಮುಗಿದ ಮೇಲೆ ಯಂತ್ರ ಗುಡಿಸುವುದು, ಕರೆಂಟ್ ಹೋಗುವುದು ಎಲ್ಲ ಕಳೆದರೆ ಆರು ಗಂಟೆ ಓಡಿದರೂ ಒಳ್ಳೆಯ ದಿನವೇ. ಹಾಗೆ ದಿನಕ್ಕೆ 960 ಕೆಜಿ ಕಾಳು. ಅದರಿಂದ ಸಿಗುವ ಅಕ್ಕಿ 600 ಕೆಜಿಯೂ ಇಲ್ಲ.

ಈಗ ಇದನ್ನೇ ವರ್ಷಕ್ಕೆ ಹಿಗ್ಗಿಸಿ. 250 ದಿನ ಓಡಿಸಬೇಕಾದರೆ 240 ಟನ್ ಕಾಳು ಬೇಕು. ಮಳೆ ನಂಬಿದ ಸಾಮೆ ಎಕರೆಗೆ 3 ಕ್ವಿಂಟಾಲ್ ಬಂತು, ಮನೆಗೆ ಮತ್ತು ಬೀಜಕ್ಕೆ ಒಂದು ಕ್ವಿಂಟಾಲ್ ಇಟ್ಟುಕೊಂಡು ಎರಡನ್ನು ಮಾರಿದರು ಅಂತ ಲೆಕ್ಕ ಹಾಕಿದರೆ, ನಿಮಗೆ ಬೇಕಾಗುವುದು 1200 ಎಕರೆ. ಅದೂ ಆ 1200 ಎಕರೆಯ ರೈತರೆಲ್ಲ ನಿಮಗೇ ಮಾರಿದರೆ. ಕೈಯಲ್ಲಿರುವುದು 150 ಎಕರೆ ಅಂದುಕೊಳ್ಳಿ. 30 ಟನ್ ಸಿಗುತ್ತದೆ, ಯಂತ್ರಕ್ಕೆ 31 ದಿನದ ಕೆಲಸ. ಉಳಿದ ದಿನಗಳ ಸಾಲದ ಕಂತನ್ನು ಯಾವ ಕಾಳು ಕಟ್ಟುತ್ತದೆ ಅನ್ನುವುದಕ್ಕೆ ಪ್ಲಾನಿನಲ್ಲಿ ಉತ್ತರ ಇರಬೇಕು. ಎಕರೆ ಕಡಿಮೆಯಿದ್ದರೆ ಅರ್ಧ ಗಾತ್ರದ ಯಂತ್ರ ತೆಗೆದುಕೊಳ್ಳಿ, ರೈತರು ಮನೆಗೆ ಇಟ್ಟುಕೊಂಡ ಕಾಳನ್ನು ಕೂಲಿಗೆ ಸುಲಿದುಕೊಡಿ. ಬೀಜದ ಪಾಲು ಬಿಟ್ಟು ಆ ಮೂರನೇ ಕ್ವಿಂಟಾಲೂ ಆಗ ನಿಮ್ಮ ಯಂತ್ರಕ್ಕೇ ಬರುತ್ತದೆ, ಕೊಳ್ಳಲು ದುಡ್ಡೂ ಹಾಕಬೇಕಿಲ್ಲ.

ಇನ್ನು ಘಟಕಗಳನ್ನು ನಿಜವಾಗಿ ಮುಳುಗಿಸುವ ತಪ್ಪಿಗೆ ಬರುತ್ತೇನೆ: ಚೀಲದ ತೂಕ ನೋಡಿ, ಎಲ್ಲರಿಗೂ ಒಂದೇ ದರ ಕೊಟ್ಟು ಕೊಳ್ಳುವುದು. ನೀವು ಮಾರುವುದು ಅಕ್ಕಿ. ಹಾಗಾಗಿ ನೀವು ಕೊಳ್ಳುತ್ತಿರುವುದೂ ಚೀಲದೊಳಗಿನ ಅಕ್ಕಿಯನ್ನೇ. ಅದು ಚೀಲದಿಂದ ಚೀಲಕ್ಕೆ ಬದಲಾಗುತ್ತದೆ.

ಇಬ್ಬರು ರೈತರು ತಲಾ 100 ಕೆಜಿ ಸಾಮೆ ತಂದರು ಅನ್ನಿ. ಮೊದಲನೆಯವರು ಟಾರ್ಪಾಲಿನ್ ಮೇಲೆ ಒಕ್ಕಿ, ತೂರಿ, ಒಣಗಿಸಿ ತಂದಿದ್ದಾರೆ. ತೇವಾಂಶ ಶೇ. 12, ಕಸ ಮತ್ತು ಜೊಳ್ಳು ಶೇ. 2. ಎರಡನೆಯವರದು ಬರಿ ನೆಲದ ಮೇಲೆ ಒಕ್ಕಿದ್ದು, ತೇವಾಂಶ ಶೇ. 15, ಕಸ ಶೇ. 8. ಮೊದಲನೆಯದರಲ್ಲಿ ಕಸ ಹೋಗಿ 98 ಕೆಜಿ ಕಾಳು ಉಳಿಯಿತು. ಶುದ್ಧ ಕಾಳಿಗೆ ಶೇ. 62ರಂತೆ ಇಡೀ ಅಕ್ಕಿ ಹಿಡಿದರೆ 60.8 ಕೆಜಿ. ಎರಡನೆಯದರಲ್ಲಿ ಕಸ ಹೋಗಿ 92 ಉಳಿಯಿತು. ಶೇ. 12ಕ್ಕೆ ಒಣಗಿಸಿದರೆ ಅದು ಇನ್ನೂ ಇಳಿಯುತ್ತದೆ. ಲೆಕ್ಕ ಹೀಗೆ:

ಒಣಗಿದ ತೂಕ = ಈಗಿನ ತೂಕ × (100 − ಈಗಿನ ತೇವಾಂಶ) ÷ (100 − ಬೇಕಾದ ತೇವಾಂಶ)
92 × 85 ÷ 88 = 88.9 ಕೆಜಿ

ಇದರ ಅಕ್ಕಿ 55.1 ಕೆಜಿ. ಒಂದೇ ದರ ಕೊಟ್ಟಿದ್ದರೆ ಎರಡನೇ ಚೀಲದ ಅಕ್ಕಿ ನಿಮಗೆ ಶೇ. 10ರಷ್ಟು ದುಬಾರಿ ಬಿತ್ತು. ‘ಸ್ವಲ್ಪ ಹಸಿ ಇದೆ’ ಅಂತ ಶೇ. 5 ಕಡಿತ ಮಾಡಿದರೂ ಹೆಚ್ಚುಕಡಿಮೆ ಶೇ. 5 ನಷ್ಟವೇ. ಎರಡೂ ಸಮ ಆಗಬೇಕಾದರೆ ಶೇ. 9 ದಾಟಿ ಕಡಿತ ಮಾಡಬೇಕು. ಒಣಗಿಸುವ ಕೂಲಿ ಇದರಲ್ಲಿ ಸೇರಿಲ್ಲ.

ನಷ್ಟ ತೂಕಕ್ಕೇ ಮುಗಿಯುವುದಿಲ್ಲ. ಡಿಹಲ್ಲರಿನಲ್ಲಿ ತಿರುಗುವ ಚಕ್ರ ಕಾಳನ್ನು ಗೋಡೆಗೆ ಎಸೆಯುತ್ತದೆ, ಆ ಪೆಟ್ಟಿಗೆ ಸಿಪ್ಪೆ ಒಡೆಯುತ್ತದೆ. ಹಸಿ ಕಾಳಿನ ಸಿಪ್ಪೆ ಒಡೆಯದೆ ಬಾಗುತ್ತದೆ, ಆದ್ದರಿಂದ ಸುಲಿಯದೆ ವಾಪಸು ಬರುವ ಪಾಲು ಏರುತ್ತದೆ. ಅದನ್ನು ಸರಿಪಡಿಸಲು ವೇಗ ಏರಿಸಿದರೆ ನುಚ್ಚು ಹೆಚ್ಚುತ್ತದೆ. ಅತಿಯಾಗಿ ಒಣಗಿದ ಕಾಳೂ ಒಡೆಯುತ್ತದೆ. ಸುಲಿಯುವಾಗ ತೇವಾಂಶ ಶೇ. 10ರಿಂದ 12ರೊಳಗೆ ಇರಲಿ.

ನೆಲದ ಒಕ್ಕಣೆಯ ಇನ್ನೊಂದು ಕಾಟ ಮಣ್ಣಿನ ಸಣ್ಣ ಉಂಡೆ. ಕಲ್ಲನ್ನು ಡಿಸ್ಟೋನರ್ ಹಿಡಿಯುತ್ತದೆ, ಏಕೆಂದರೆ ಕಲ್ಲು ಕಾಳಿಗಿಂತ ಭಾರ. ಕಾಳಿನಷ್ಟೇ ಗಾತ್ರದ, ಹೆಚ್ಚು ಭಾರವೂ ಇಲ್ಲದ ಮಣ್ಣುಂಡೆ ಜರಡಿಯಲ್ಲೂ ಡಿಸ್ಟೋನರಿನಲ್ಲೂ ಪೂರ್ತಿ ಹೋಗುವುದಿಲ್ಲ, ಅಕ್ಕಿಯ ಜೊತೆ ಪ್ಯಾಕೆಟ್ಟಿಗೆ ಬರುತ್ತದೆ. ತಿನ್ನುವವರ ಹಲ್ಲಿಗೆ ಸಿಕ್ಕಿದ ಮೇಲೆ ಅವರು ಮತ್ತೆ ಕೊಳ್ಳುವುದಿಲ್ಲ. ಇದಕ್ಕೆ ಇನ್ನಷ್ಟು ಯಂತ್ರ ಸೇರಿಸುವ ಬದಲು ಒಕ್ಕಣೆಯ ಮೊದಲೇ ರೈತರಿಗೆ ಟಾರ್ಪಾಲಿನ್ ಎರವಲು ಕೊಡಿ. ಬಂಡವಾಳದ ಪಟ್ಟಿಯಲ್ಲಿ ಯಂತ್ರದ ಕೆಳಗಿನ ಸಾಲು ಅದೇ ಆಗಿರಲಿ.

ಹಾಗಾದರೆ ದರ ಕಟ್ಟುವುದು ಹೇಗೆ? ಶೇ. 12 ತೇವಾಂಶ, ಶೇ. 2 ಕಸ ಇರುವ ಕಾಳಿಗೆ ಮೂಲದರ ಅಂತ ಬಿತ್ತನೆಗೂ ಮುಂಚೆ ಹೇಳಿಬಿಡಿ. ಹೆಚ್ಚಿನ ಕಸವನ್ನು ತೂಕದಲ್ಲೇ ಕಳೆಯಿರಿ, ಹೆಚ್ಚಿನ ತೇವಕ್ಕೆ ಮೇಲಿನ ಲೆಕ್ಕ ಹಾಕಿ. ಅದಕ್ಕಿಂತ ಶುದ್ಧ ಕಾಳು ತಂದವರಿಗೆ ಮೇಲ್ದರವನ್ನೂ ಕೊಡಿ, ಬರಿ ಕಡಿತವೇ ಆದರೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಪರೀಕ್ಷೆ ಊರಲ್ಲೇ, ಗಾಡಿಗೆ ಹೇರುವ ಮೊದಲು, ರೈತರ ಕಣ್ಣೆದುರು ನಡೆಯಲಿ. ಪ್ರತಿ ಚೀಲದ ಮೇಲಿಂದ, ನಡುವಿನಿಂದ, ಬುಡದಿಂದ ಕಾಳು ತೆಗೆದು ಬೆರೆಸಿ 500 ಗ್ರಾಂ ತೂಗಿ. ತೇವಾಂಶ ಮೀಟರಿನಲ್ಲಿ ನೋಡಿ, ಕೈಜರಡಿಯಲ್ಲಿ ಜಾಲಿಸಿ ಕಸವನ್ನು ಬೇರೆ ತೂಗಿ, ಒಂದು ಹಿಡಿಯನ್ನು ನೀರಿಗೆ ಹಾಕಿ ತೇಲುವ ಜೊಳ್ಳು ನೋಡಿ. ಘಟಕಕ್ಕೆ ತಂದಿಳಿಸಿದ ಮೇಲೆ ಕಡಿತ ಹೇಳಿದರೆ ಅದು ಮೋಸದಂತೆಯೇ ಕಾಣುತ್ತದೆ.

ಮೊದಲ ವರ್ಷ ಒಂದೇ ಧಾನ್ಯ ಹಿಡಿಯಿರಿ ಅನ್ನುವುದು ನನ್ನ ಹಟ. ಸಾಮೆ, ನವಣೆ ಎರಡಕ್ಕೂ ಜರಡಿ ಬೇರೆ, ಗಾಳಿ ಬೇರೆ, ನಡುವೆ ಯಂತ್ರ ಪೂರ್ತಿ ಖಾಲಿ ಮಾಡಬೇಕು. ಒಂದೇ ಸಾಮೆಯಲ್ಲೂ ಬೇರೆ ಬೇರೆ ತಳಿ ಬೆರೆತರೆ ಕಷ್ಟ: ದಪ್ಪ ಕಾಳು ಮೊದಲು ಸುಲಿದು, ಸಣ್ಣದು ಸುಲಿಯುವ ಹೊತ್ತಿಗೆ ನುಚ್ಚಾಗಿರುತ್ತದೆ. ಒಂದು ಊರಿಗೆ ಒಂದೇ ತಳಿಯ ಬೀಜ ಹಂಚಿದರೆ ಇದು ಅರ್ಧ ತಪ್ಪುತ್ತದೆ. ಹಾರಕ, ಕೊರಲೆ ಆಮೇಲೆ ನೋಡಿಕೊಳ್ಳಿ. ಅವುಗಳಲ್ಲಿ ಸಿಪ್ಪೆಯ ಪಾಲು ಹೆಚ್ಚು, ಅಕ್ಕಿ ಇನ್ನೂ ಕಡಿಮೆ. ರಾಗಿ, ಜೋಳ, ಸಜ್ಜೆಗೆ ಡಿಹಲ್ಲರೇ ಬೇಡ.

ದುಡ್ಡಿನ ವಿಷಯ. ಪ್ಲಾನ್‌ಗಳಲ್ಲಿ ದುಡಿಯುವ ಬಂಡವಾಳಕ್ಕೆ ಒಂದು ತಿಂಗಳ ಕಚ್ಚಾವಸ್ತುವಿನ ಬೆಲೆ ಬರೆಯುವ ರೂಢಿ ಇದೆ. ಇಲ್ಲಿ ಅದು ನಡೆಯದು. ಕಾಳು ಬರುವುದು ಕೊಯ್ಲಾದ ಮೇಲಿನ ಕೆಲವೇ ವಾರ, ಮಾರಾಟ ವರ್ಷವಿಡೀ. 30 ಟನ್ ಒಟ್ಟಿಗೆ ಕೊಂಡು ಹತ್ತು ತಿಂಗಳಲ್ಲಿ ಸಮನಾಗಿ ಮಾರಿದರೆ, ಇಡೀ ಮೊತ್ತಕ್ಕೆ ಐದು ತಿಂಗಳ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇ. 12 ಬಡ್ಡಿಯಾದರೆ ಕಾಳಿನ ಬೆಲೆಗೆ ಶೇ. 5 ಸೇರಿಸಿ. ರೈತರಿಗೆ ‘ಅಕ್ಕಿ ಮಾರಿದ ಮೇಲೆ ಕೊಡುತ್ತೇನೆ’ ಅನ್ನುವ ಯೋಚನೆ ಬಿಡಿ. ವ್ಯಾಪಾರಿ ಎರಡು ರೂಪಾಯಿ ಕಡಿಮೆ ಕೊಟ್ಟರೂ ಕಣದಲ್ಲೇ ನಗದು ಎಣಿಸುತ್ತಾನೆ, ಕಾಳು ಅವನ ಪಾಲಾಗುತ್ತದೆ.

ಈ ಲೆಕ್ಕದಲ್ಲಿ ಒಳ್ಳೆಯ ಕಾಳನ್ನೇ ಕೊಂಡರೂ ಒಂದು ಕೆಜಿ ಅಕ್ಕಿಯಲ್ಲಿ 1.65 ಕೆಜಿ ಕಾಳಿನ ಬೆಲೆ ಕೂತಿರುತ್ತದೆ, ಬಡ್ಡಿ ಸೇರಿದರೆ ಸುಮಾರು 1.73. ಕೂಲಿ, ಕರೆಂಟ್, ಪ್ಯಾಕಿಂಗ್, ಸಾಗಣೆ, ಅಂಗಡಿಯವರ ಪಾಲು ಎಲ್ಲ ಅದರ ಮೇಲೆ. ಅಂಗಡಿಯಲ್ಲಿ ಅಕ್ಕಿ ಕಾಳಿನ ಎರಡು ಪಟ್ಟಿಗೆ ಮಾರುತ್ತದೆ ಅಂತ ಲಾಭ ಕಂಡವರು ಇಲ್ಲೊಮ್ಮೆ ನಿಲ್ಲಬೇಕು. ನುಚ್ಚಿನ ಆದಾಯ ಬರೆಯಿರಿ, ಹೊಟ್ಟಿನದು ಸೊನ್ನೆ ಅಂತಲೇ ಇಡಿ.

ದಾಸ್ತಾನನ್ನು ಕಾಳಿನ ರೂಪದಲ್ಲೇ ಇಡಿ, ಹಲಗೆಯ ಮೇಲೆ, ಗೋಡೆಯಿಂದ ದೂರ. ಸಿಪ್ಪೆ ಇರುವ ತನಕ ಒಣ ಕಾಳು ಕೆಡುವುದು ಅಪರೂಪ. ಸುಲಿದ ಮೇಲೆ ತೌಡಿನ ಎಣ್ಣೆಯಂಶ ಗಾಳಿಗೆ ಸಿಕ್ಕಿ ಒಂದೆರಡು ತಿಂಗಳಲ್ಲೇ ಕಮಟು ವಾಸನೆ ಶುರುವಾಗಬಹುದು. ಆರ್ಡರ್ ಬಂದಷ್ಟನ್ನೇ ಸುಲಿಯಿರಿ.

ಬ್ಯಾಂಕಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಮೂರು ಊರುಗಳಿಂದ ತಲಾ 200 ಕೆಜಿ ಸಾಮೆ ಕೊಂಡು, ಬೆರೆಸದೆ, ಈಗಾಗಲೇ ನಡೆಯುತ್ತಿರುವ ಯಾವುದಾದರೂ ಘಟಕದಲ್ಲಿ ಕೂಲಿಗೆ ಸುಲಿಸಿ. ಪ್ರತಿ ಊರಿನದಕ್ಕೂ ಇಡೀ ಅಕ್ಕಿ, ನುಚ್ಚು, ಸುಲಿಯದ ಕಾಳು, ಹೊಟ್ಟು ಮತ್ತು ಕಸ ಹೀಗೆ ನಾಲ್ಕನ್ನೂ ಬೇರೆ ಬೇರೆ ತೂಗಿಸಿ. ನಾಲ್ಕೂ ಸೇರಿ 200ರ ಹತ್ತಿರ ಬರಬೇಕು. ತುಂಬ ಕಡಿಮೆ ಬಂದರೆ ಎಲ್ಲೋ ಚೆಲ್ಲಿದೆ ಅಂತ ಅರ್ಥ. ಹೊಟ್ಟಿನ ರಾಶಿಗೂ ಕೈ ಹಾಕಿ ನೋಡಿ, ಗಾಳಿ ಜೋರಾಗಿದ್ದರೆ ಅಕ್ಕಿ ಅಲ್ಲಿಗೆ ಹಾರಿರುತ್ತದೆ. ನನ್ನ ಶೇ. 62ನ್ನು ಹೊಡೆದುಹಾಕಿ, ಆ ಮೂರರಲ್ಲಿ ಅತಿ ಕಡಿಮೆ ಬಂದ ಅಂಕಿಯನ್ನು ಪ್ಲಾನಿನಲ್ಲಿ ಬರೆಯಿರಿ.