ಗ್ರಾಫ್ ಬಿದ್ದ ಜಾಗಕ್ಕಿಂತ ಸ್ವಲ್ಪ ಹಿಂದೆ ನೋಡಿ

ಪ್ರಶ್ನೆ: ನಾನು ಒಂಬತ್ತು ನಿಮಿಷದ ವಿವರಣೆ ವಿಡಿಯೋಗಳನ್ನು ಮಾಡ್ತೀನಿ. ಯಾವ ಸೆಕೆಂಡಿನಲ್ಲಿ ನೂರಕ್ಕೆ ಎಷ್ಟು ಜನ ನೋಡ್ತಿದ್ರು ಅಂತ ತೋರಿಸೋ ರಿಟೆನ್ಶನ್ ಗ್ರಾಫ್‌ನಲ್ಲಿ ಗೆರೆ ಎಲ್ಲ ಕಡೆನೂ ಇಳಿದೇ ಕಾಣುತ್ತೆ. ಮುಂದಿನ ಸಂಚಿಕೆಯ ಸ್ಕ್ರಿಪ್ಟ್‌ನಲ್ಲಿ ಯಾವ ಭಾಗ ಬಿಗಿ ಮಾಡ್ಬೇಕು ಅಂತ ಹೇಗೆ ತಿಳಿಯೋದು? ಒಂದು ವಿಡಿಯೋದ ಗ್ರಾಫ್, ಸ್ಕ್ರಿಪ್ಟ್ ಎರಡೂ ಕಳಿಸಿದ್ದೀನಿ.

ಉತ್ತರ: ಗೆರೆ ಇಳಿಯುವುದು ಸಹಜ, ಎಲ್ಲರದ್ದೂ ಇಳಿಯುತ್ತದೆ. ನೋಡಬೇಕಾದ್ದು ಎಲ್ಲಿ ಜಾಸ್ತಿ ವೇಗವಾಗಿ ಇಳಿಯಿತು ಅನ್ನುವುದನ್ನು. ಅದಕ್ಕೆ ಮೊದಲು ಸ್ಕ್ರಿಪ್ಟ್ ಪ್ರಿಂಟ್ ತೆಗೆದು, ಪ್ರತಿ ಪ್ಯಾರಾ ಪಕ್ಕದಲ್ಲಿ ಅದು ವಿಡಿಯೋದಲ್ಲಿ ಶುರುವಾಗುವ ಸಮಯ ಬರೆದುಕೊಳ್ಳಿ. ಇದಿಲ್ಲದೆ ಗ್ರಾಫ್ ನೋಡುತ್ತಾ ಕೂತರೆ ಸುಮ್ನೆ ಬೇಜಾರಾಗುತ್ತದೆ ಅಷ್ಟೇ.

ನಿಮ್ಮ ಗ್ರಾಫ್‌ನಲ್ಲಿ 0:30ಕ್ಕೆ 64%, 1:10ಕ್ಕೆ 52%, 3:00ಕ್ಕೆ 48% ಇದೆ. ಇಲ್ಲಿ ಶೇಕಡಾವಾರನ್ನು ನೇರವಾಗಿ ಕಳೆಯಬೇಡಿ. ಆ ಹೊತ್ತಿಗೆ ಉಳಿದಿದ್ದವರಲ್ಲಿ ಎಷ್ಟು ಜನ ಹೋದರು ಅಂತ ಲೆಕ್ಕ ಹಾಕಿ. 64ರಿಂದ 52 ಅಂದರೆ ನೂರಕ್ಕೆ ಸುಮಾರು 19 ಮಂದಿ, ಅದೂ ಬರೀ 40 ಸೆಕೆಂಡಿನಲ್ಲಿ. 52ರಿಂದ 48 ಅಂದರೆ ನೂರಕ್ಕೆ 8 ಮಂದಿ, ಆದರೆ ಅದಕ್ಕೆ 110 ಸೆಕೆಂಡ್ ಹಿಡಿದಿದೆ. ಅಂದರೆ 40 ಸೆಕೆಂಡಿಗೆ ಮೂವರು. 4:00ರಿಂದ 7:50ರವರೆಗೂ ಹೆಚ್ಚುಕಡಿಮೆ ಇದೇ ವೇಗ. ಹಾಗಾಗಿ ಈ ವಿಡಿಯೋದ ಮಾಮೂಲಿ ಇಳಿತ ಇಷ್ಟು ಅಂತ ಇಟ್ಟುಕೊಳ್ಳಿ. ಇದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಬಿದ್ದ ಕಡೆ ಮಾತ್ರ ಪೆನ್ನು ಹಿಡಿಯಿರಿ.

ಹಾಗೆ ನೋಡಿದರೆ ನಿಮಗೆ ಮೂರೇ ಜಾಗ ಸಿಗುತ್ತವೆ. ಮೊದಲ ಅರ್ಧ ನಿಮಿಷವನ್ನು ನಾನು ಬೇಕಂತಲೇ ಬಿಟ್ಟಿದ್ದೇನೆ. ಅಲ್ಲಿ ಹೋದವರಲ್ಲಿ ಹಲವರು ಟೈಟಲ್, ಥಂಬ್‌ನೇಲ್ ನೋಡಿ ಬೇರೇನೋ ಅಂದುಕೊಂಡು ಬಂದವರಿರಬಹುದು. ಅದನ್ನು ಸ್ಕ್ರಿಪ್ಟ್ ಒಂದರಿಂದಲೇ ಸರಿಮಾಡಲಾಗದು.

ಮೊದಲನೆಯದು 0:30ರಿಂದ 1:10. ಗೆರೆ ಬಿತ್ತು, ಮತ್ತೆ ಏಳಲಿಲ್ಲ. ಇವರು ಎದ್ದುಹೋದವರು. ಕಾರಣ ಹುಡುಕುವಾಗ ಗೆರೆ ಬೀಳಲು ಶುರುವಾದ ಸೆಕೆಂಡಿಗಿಂತ ಐದು-ಹತ್ತು ಸೆಕೆಂಡ್ ಹಿಂದಿನ ವಾಕ್ಯವನ್ನೂ ಓದಿ. ಬೇಸರ ಬಂದ ತಕ್ಷಣ ಯಾರೂ ಬೆರಳು ಎತ್ತುವುದಿಲ್ಲ, ಒಂದೆರಡು ವಾಕ್ಯ ಕಾಯುತ್ತಾರೆ ಅಲ್ವಾ? ನಿಮ್ಮ ಸ್ಕ್ರಿಪ್ಟ್‌ನಲ್ಲಿ ಅಲ್ಲಿರುವುದು "ಇವತ್ತು ನಾವು ಏನೇನು ನೋಡೋಣ ಅಂದರೆ" ಅನ್ನುವ ಪಟ್ಟಿ. ಕುತೂಹಲ ಹುಟ್ಟಿಸಿದ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ 40 ಸೆಕೆಂಡ್ ಕಾಯಿಸಿದ್ದೀರಿ. ಮುಂದಿನ ಸಲ ಪಟ್ಟಿ ತೆಗೆದು, ಪ್ರಶ್ನೆಯಿಂದ ನೇರ ಮೊದಲ ಉದಾಹರಣೆಗೆ ಹೋಗಿ.

ಎರಡನೆಯದು ಬೇರೆ ಜಾತಿಯದು. 3:00ಕ್ಕೆ 48, 3:40ಕ್ಕೆ 40, 4:00ಕ್ಕೆ ಮತ್ತೆ 46. ಗುಂಡಿಗೆ ಇಳಿದು ಮೇಲೆ ಬಂದಿದೆ. ಇವರು ಹೋದವರಲ್ಲ, ಆ ಭಾಗ ಹಾರಿಸಿ ಮುಂದೆ ಬಂದವರು. ವಿಷಯ ಬೇಕು, ಈ ತುಣುಕು ಬೇಡ ಅಂತ ಹೇಳುತ್ತಿದ್ದಾರೆ. ಅಲ್ಲಿ ನೀವು ಅದೇ ವ್ಯಾಖ್ಯಾನವನ್ನು ಮೂರು ರೀತಿ ಹೇಳಿದ್ದೀರಿ. ಒಂದು ಸಾಕು. ಆದರೆ ವಿಡಿಯೋಗೆ ಚಾಪ್ಟರ್ ಹಾಕಿದ್ದರೆ ಸ್ವಲ್ಪ ಹುಷಾರು. ಜನ ಚಾಪ್ಟರ್ ಒತ್ತಿ ಹಾರಿದಾಗಲೂ ಇಂಥದೇ ಆಕಾರ ಬರುತ್ತದೆ, ಅದು ಬೇಸರವೇ ಆಗಿರಬೇಕಿಲ್ಲ.

ಮೂರನೆಯದು 7:50. ಅರ್ಧ ನಿಮಿಷದಲ್ಲಿ 38ರಿಂದ 19ಕ್ಕೆ! ಅಲ್ಲಿರುವ ಪದ "ಕೊನೆಯದಾಗಿ". ಮುಗಿಯಿತು ಅಂತ ನೀವೇ ಹೇಳಿಬಿಟ್ಟಿರಿ, ಅವರು ಎದ್ದರು. ಆಮೇಲೆ ಬರುವ ಒಳ್ಳೆಯ ಉದಾಹರಣೆಯನ್ನು ಅರ್ಧ ಜನ ನೋಡಲೇ ಇಲ್ಲ. ಅದನ್ನು ಮುಂಚೆ ತನ್ನಿ, ಸಾರಾಂಶ ಬಿಡಿ.

5:20ರ ಹತ್ತಿರ ಒಂದು ಚಿಕ್ಕ ಏರಿಕೆ ಇದೆ. ಅದನ್ನು ನೋಡಿ ಖುಷಿಪಡುವ ಮುಂಚೆ ಆ ಭಾಗ ಒಮ್ಮೆ ಕೇಳಿ. ಹಿಂದೆ ಹೋಗಿ ಮತ್ತೆ ನೋಡಿರಬಹುದು. ಆದರೆ ಅದು ಇಷ್ಟವಾಗಿಯೋ, ಅರ್ಥವಾಗದೆಯೋ ಅಂತ ಗ್ರಾಫ್ ಹೇಳುವುದಿಲ್ಲ. ನೀವು ಅಲ್ಲಿ ನಾಲ್ಕು ಸಂಖ್ಯೆಗಳನ್ನು ಒಂದೇ ಉಸಿರಿನಲ್ಲಿ ಓದಿದ್ದೀರಿ. ನನ್ನ ಪ್ರಕಾರ ಅಲ್ಲಿ ಬಿಗಿ ಮಾಡುವುದಲ್ಲ, ಸಡಿಲ ಮಾಡಬೇಕು.

ಮೂರೂ ಬದಲಾವಣೆ ಒಟ್ಟಿಗೆ ಮಾಡಬಹುದು, ಅವು ದೂರ ದೂರ ಇವೆ. ಒಂದೇ ಜಾಗದಲ್ಲಿ ಮಾತು, ಸಂಗೀತ, ಎಡಿಟಿಂಗ್ ಮೂರನ್ನೂ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಹೊಸ ವಿಡಿಯೋ ಹಾಕಿದ ಮೊದಲ ದಿನವೇ ತೀರ್ಮಾನಕ್ಕೆ ಬರಬೇಡಿ. ವೀಕ್ಷಣೆ ಕಡಿಮೆ ಇದ್ದಾಗ ನಾಲ್ಕು ಜನ ಹೋದರೂ ಗೆರೆ ಕುಣಿಯುತ್ತದೆ. ಕೆಲವು ನೂರು ವೀಕ್ಷಣೆ ಬಂದ ಮೇಲೆ, ಸರಾಸರಿ ಶೇಕಡಾವಾರನ್ನು ಬಿಟ್ಟು, ಶುರುವಿನ ಅದೇ 40 ಸೆಕೆಂಡಿನಲ್ಲಿ ನೂರಕ್ಕೆ ಎಷ್ಟು ಜನ ಹೋದರು ಅಂತ ನೋಡಿ. 19 ಇದ್ದದ್ದು 10ರ ಹತ್ತಿರ ಬಂದಿದ್ದರೆ ಪಟ್ಟಿಯೇ ಕಾರಣ ಇದ್ದಿರಬೇಕು. ಹಾಗೇ ಇದ್ದರೆ ಅದಕ್ಕೂ ಹಿಂದಿನ ವಾಕ್ಯವನ್ನು, ಅಂದರೆ ಆ ಪ್ರಶ್ನೆಯನ್ನೇ, ಬದಲಿಸಿ ನೋಡಿ.